ಇಪ್ಪತ್ತು ರೂಪಾಯಿ ಎರಡು ಸಲ ಹಾಕಿಯೂ ಬಂದ್ ಆದ ನಂಬರ್: ಶಿರಸಿ ಕಡೆಯ ಒಂದು ಪ್ರಕರಣ

ಶಿರಸಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ 2025ರಲ್ಲಿ ನಡೆದದ್ದು ಇದು. ಮನೆಯ ಯಜಮಾನರನ್ನು ಇಲ್ಲಿ ಹೆಗಡೆಯವರು ಎಂದಷ್ಟೇ ಕರೆದಿದೆ. ಊರು, ಕಂಪನಿ, ಅಂಗಡಿಗಳ ಹೆಸರು ಬಿಟ್ಟಿದೆ. ದಿನಾಂಕ ಮತ್ತು ಮೊತ್ತಗಳನ್ನು ಮಾತ್ರ ಬಿಟ್ಟಿಲ್ಲ, ಯಾಕೆಂದರೆ ಇಡೀ ಪ್ರಕರಣ ನಿಂತಿರುವುದೇ ಆ ಲೆಕ್ಕದ ಮೇಲೆ.

ಒಂದು ಫೋನು, ಎರಡು ಸಿಮ್ಮು

ಹೆಗಡೆಯವರದು ಎರಡು ಸಿಮ್ ಹಿಡಿಯುವ ಬಟನ್ ಫೋನು. ಮೊದಲನೆಯದು ಹದಿನೈದು ವರ್ಷ ಹಳೆಯ ನಂಬರ್. ಬ್ಯಾಂಕು, ಆಧಾರ್, ಗ್ಯಾಸ್ ಬುಕಿಂಗ್, ಸೊಸೈಟಿ ಎಲ್ಲದಕ್ಕೂ ಕೊಟ್ಟಿರುವುದು ಇದನ್ನೇ. ಆದರೆ ಆ ಕಂಪನಿಯ ಟವರ್ ಅವರ ಕಣಿವೆಗೆ ಸಿಗುವುದಿಲ್ಲ. ಮನೆ ಹಿಂದಿನ ಗುಡ್ಡ ಹತ್ತಿದರೆ ಒಂದು ಕಡ್ಡಿ, ಶಿರಸಿ ಪೇಟೆಗೆ ಬಂದರೆ ಪೂರ್ತಿ. ಹಾಗಾಗಿ ಮೂರು ವರ್ಷದ ಹಿಂದೆ ಮನೆಯಲ್ಲಿ ಸಿಗ್ನಲ್ ಬರುವ ಇನ್ನೊಂದು ಕಂಪನಿಯ ಸಿಮ್ ತೆಗೆದುಕೊಂಡರು. ಮಾತುಕತೆಯೆಲ್ಲ ಅದರಲ್ಲೇ. ಹಳೆಯ ನಂಬರಿಗೆ ಉಳಿದ ಕೆಲಸ ಒಂದೇ, ಪೇಟೆಗೆ ಹೋದಾಗ ಓಟಿಪಿ ಹಿಡಿಯುವುದು.

ಅಷ್ಟಕ್ಕೆ 28 ದಿನಕ್ಕೊಮ್ಮೆ 199 ರೂಪಾಯಿ ಹೋಗುತ್ತಿತ್ತು. ವರ್ಷಕ್ಕೆ ಹದಿಮೂರು ಸಲ, ಅಂದರೆ 2,587 ರೂಪಾಯಿ. 2024ರ ಜುಲೈಯಲ್ಲಿ ದರ ಏರಿದ ಮೇಲೆ ಇದು ಅವರಿಗೆ ಚುಚ್ಚತೊಡಗಿತು. ಅಷ್ಟರಲ್ಲಿ, 2025ರ ಜನವರಿಯಲ್ಲಿ, ‘ಇಪ್ಪತ್ತು ರೂಪಾಯಿ ಇದ್ದರೆ ಸಿಮ್ ಬಂದ್ ಆಗುವುದಿಲ್ಲ, ಟ್ರಾಯ್ ಹೊಸ ನಿಯಮ’ ಎಂಬ ಸುದ್ದಿ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿತು.

ಸುದ್ದಿ ಸುಳ್ಳಲ್ಲ, ನಿಯಮ ಹೊಸದೂ ಅಲ್ಲ. ದೂರಸಂಪರ್ಕ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್ ತಂದ ಇದು 2013ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೆ ಇದ್ದರೆ ಮಾತ್ರ ಕಂಪನಿ ಅದನ್ನು ರದ್ದು ಮಾಡಬಹುದು. 90 ದಿನ ಆದಾಗಲೂ ಮುಖ್ಯ ಬ್ಯಾಲೆನ್ಸಿನಲ್ಲಿ 20 ರೂಪಾಯಿ ಅಥವಾ ಹೆಚ್ಚು ಇದ್ದರೆ ರದ್ದು ಮಾಡುವಂತಿಲ್ಲ. 20 ರೂಪಾಯಿ ಕಡಿದುಕೊಂಡು 30 ದಿನ ಮುಂದುವರಿಸಬೇಕು. ಬ್ಯಾಲೆನ್ಸ್ 20ಕ್ಕಿಂತ ಕೆಳಗಿಳಿಯುವ ತನಕ ಹೀಗೇ ನಡೆಯುತ್ತದೆ. ಇಳಿದ ಮೇಲೆ ನಂಬರ್ ರದ್ದು. ರದ್ದಾದ ಮೇಲೂ ಅದೇ ನಂಬರನ್ನು ಮರಳಿ ಪಡೆಯಲು 15 ದಿನ ಅವಕಾಶ.

ಈ ನಿಯಮ ಕಾಯುವುದು ನಂಬರನ್ನು, ಸೇವೆಯನ್ನಲ್ಲ. ನಂಬರ್ ನಿಮ್ಮ ಹೆಸರಿನಲ್ಲಿ ಉಳಿಯುವುದು ಒಂದು. ಅದರಲ್ಲಿ ಕರೆ ಹೋಗುವುದು, ಕರೆ ಬರುವುದು, ಮೆಸೇಜ್ ಬರುವುದು ಇನ್ನೊಂದು. ಎರಡನೆಯದಕ್ಕೆ ಪ್ಯಾಕ್ ಚಾಲ್ತಿಯಲ್ಲಿರಬೇಕು. 2018ರ ಕೊನೆಯಲ್ಲಿ ಕಂಪನಿಗಳು 28 ದಿನದ ಕನಿಷ್ಠ ರೀಚಾರ್ಜ್ ತಂದಾಗಿನಿಂದ ನಮ್ಮ ಕಡೆ ಎಲ್ಲರ ಅನುಭವವೂ ಇದೇ. ಆಗ ಅದು 35 ರೂಪಾಯಿ ಇತ್ತು. ಫಾರ್ವರ್ಡ್ ಆಗಿ ಬಂದ ಮೆಸೇಜಿನಲ್ಲಿ ಈ ವ್ಯತ್ಯಾಸ ಎಲ್ಲೂ ಇರಲಿಲ್ಲ.

ಮೊದಲ ಇಪ್ಪತ್ತು

ಜನವರಿ 10ರಂದು ಹಾಕಿದ 199ರ ಪ್ಯಾಕ್ ಫೆಬ್ರವರಿ 6ರ ಮಧ್ಯರಾತ್ರಿಗೆ ಮುಗಿಯುವುದಿತ್ತು. 5ನೇ ತಾರೀಖು ಹೆಗಡೆಯವರು ಪೇಟೆಯ ರೀಚಾರ್ಜ್ ಅಂಗಡಿಗೆ ಹೋದರು.

“ತಮ್ಮಾ, ಇದಕ್ಕೆ ಇಪ್ಪತ್ರೂಪಾಯಿ ಹಾಕು ಸಾಕು. ನಂಬರ್ ಜೀವಂತ ಇದ್ರಾತು.”

“ಟಾಪ್-ಅಪ್ಪು ಹೆಗಡೇರೇ, ಪ್ಯಾಕ್ ಅಲ್ಲ. ಅಡ್ಡಿಲ್ವ?”

“ಅಡ್ಡಿಲ್ಲೆ, ಹಾಕು.”

ಅಂಗಡಿಯವನು ಕೇಳಬೇಕಾದ್ದನ್ನು ಕೇಳಿದ. ಇಬ್ಬರಿಗೂ ಹೊಳೆಯದಿದ್ದದ್ದು ಬೇರೆ. 20 ರೂಪಾಯಿ ಟಾಪ್-ಅಪ್ ಹಾಕಿದರೆ ಬ್ಯಾಲೆನ್ಸಿಗೆ ಸೇರುವುದು 14.95 ರೂಪಾಯಿ. 20ರಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿಕೊಂಡೇ ಇರುತ್ತದೆ. ಅದನ್ನು ತೆಗೆದರೆ 16.95. ಅದರಲ್ಲಿ ಸಂಸ್ಕರಣಾ ಶುಲ್ಕ 2 ರೂಪಾಯಿ ಹೋದರೆ 14.95. ಮೊದಲಿದ್ದ 3.40 ಸೇರಿ ಒಟ್ಟು 18.35 ಆಯಿತು. ನಿಯಮ ನೋಡುವುದು ನೀವು ಅಂಗಡಿಯಲ್ಲಿ ಕೊಟ್ಟದ್ದನ್ನಲ್ಲ, ಬ್ಯಾಲೆನ್ಸಿನಲ್ಲಿ ಉಳಿದಿರುವುದನ್ನು. ನಂಬರ್ ಉಳಿಸಲೆಂದೇ ಹಾಕಿದ ದುಡ್ಡು ನಂಬರ್ ಉಳಿಸುವಷ್ಟು ಇರಲಿಲ್ಲ.

ಇದೇ ಲೆಕ್ಕದಲ್ಲಿ 10ರ ಟಾಪ್-ಅಪ್‌ಗೆ ಸಿಗುವುದು 7.47, 50ಕ್ಕೆ 39.37, 100ಕ್ಕೆ 81.75. ಶುಲ್ಕ 3 ರೂಪಾಯಿ ದಾಟದ್ದರಿಂದ ದೊಡ್ಡ ಟಾಪ್-ಅಪ್‌ನಲ್ಲಿ ಸೋರಿಕೆ ಕಮ್ಮಿ. ಬರೀ ನಂಬರ್ ಹಿಡಿದಿಡುವುದೇ ಉದ್ದೇಶವಾಗಿದ್ದರೆ 20ರಂತೆ ಐದು ಸಲ ಹಾಕುವುದಕ್ಕಿಂತ 100 ಒಂದೇ ಸಲ ಹಾಕುವುದು ಮೇಲು. 81.75ರಲ್ಲಿ ನಾಲ್ಕು ಸಲ 20 ಕಡಿಯಬಹುದು. 90 ದಿನದ ಮೇಲೆ ಮತ್ತೆ 120 ದಿನ ಸಿಕ್ಕಂತಾಯಿತು.

ಫೆಬ್ರವರಿ 6ರ ಸಂಜೆ ಅವರು ಅದೇ ನಂಬರಿನಿಂದ ಶಿರಸಿಯಲ್ಲಿ ಅಡಿಕೆ ದರ ಕೇಳಲು ಒಂದು ಕರೆ ಮಾಡಿದರು. ಆಗ ಯಾರಿಗೂ ಅದು ಮುಖ್ಯ ಅನ್ನಿಸಿರಲಿಲ್ಲ. ಆದರೆ 90 ದಿನದ ಎಣಿಕೆ ಶುರುವಾದದ್ದು ಆ ಕರೆಯಿಂದ.

ಎಣಿಕೆಗೆ ಬರುವ ಬಳಕೆ ಯಾವುದು

ಕರೆ ಮಾಡಿದರೂ ಬಳಕೆ, ಕರೆ ಸ್ವೀಕರಿಸಿದರೂ ಬಳಕೆ. ಮೆಸೇಜ್ ಕಳಿಸಿದರೆ ಬಳಕೆ, ಡೇಟಾ ಉಪಯೋಗಿಸಿದರೆ ಬಳಕೆ. ಮೆಸೇಜ್ ಬಂದರೆ ಮಾತ್ರ ಅದು ಬಳಕೆಯ ಪಟ್ಟಿಯಲ್ಲಿಲ್ಲ. ಓಟಿಪಿಗೆಂದೇ ಇಟ್ಟುಕೊಂಡ ಸಿಮ್‌ಗಳಲ್ಲಿ ಜನ ಎಡವುವುದು ಇಲ್ಲಿಯೇ. ವಾರಕ್ಕೆ ಹತ್ತು ಓಟಿಪಿ ಬಂದರೂ ಲೆಕ್ಕದ ಪ್ರಕಾರ ಆ ಸಿಮ್ ಸುಮ್ಮನೆ ಬಿದ್ದಿದೆ. ಟಾಪ್-ಅಪ್ ಹಾಕುವುದೂ ಪಟ್ಟಿಯಲ್ಲಿಲ್ಲ. ಅದು ಬ್ಯಾಲೆನ್ಸ್ ಏರಿಸುತ್ತದೆ, ಎಣಿಕೆಯನ್ನು ಮತ್ತೆ ಸೊನ್ನೆಗೆ ತರುವುದಿಲ್ಲ.

ಇನ್ನೊಂದು ಗಂಟೂ ಇದೆ. ಪ್ಯಾಕ್ ಮುಗಿದ ಮೇಲೆ ಕರೆ ಹೋಗದು, ಸ್ವಲ್ಪ ದಿನಕ್ಕೆ ಬರುವುದೂ ನಿಲ್ಲುತ್ತದೆ. ಆಮೇಲೆ ಬಳಸಬೇಕೆಂದರೂ ಬಳಸಲು ದಾರಿ ಇರುವುದಿಲ್ಲ. ಹಾಗಾಗಿ ಪ್ಯಾಕ್ ಮುಗಿಯುವ ದಿನವೇ ಆ ನಂಬರಿನಿಂದ ಒಂದು ಕರೆ ಮಾಡಿಟ್ಟರೆ ಪೂರ್ತಿ 90 ದಿನ ಸಿಗುತ್ತದೆ. ತಿಂಗಳ ಹಿಂದೆ ಮಾಡಿದ ಕರೆಯೇ ಕೊನೆಯದಾಗಿದ್ದರೆ ಆ ತಿಂಗಳು ಹೋದ ಹಾಗೇ. ಹೆಗಡೆಯವರ ಕರೆ ಅಕಸ್ಮಾತ್ತಾಗಿ ಸರಿಯಾದ ದಿನ ಬಿತ್ತು.

ಮಾರ್ಚ್ 24: ಎಚ್ಚರಾಗಬೇಕಿದ್ದ ದಿನ

ಫೆಬ್ರವರಿ 7ರಿಂದ ಹೊರ ಕರೆ ನಿಂತಿತು. ಒಳ ಕರೆ ಮತ್ತು ಮೆಸೇಜ್ ಇನ್ನೊಂದು ವಾರ ಇದ್ದು 14ರಿಂದ ನಿಂತವು. ಈ ಒಂದು ವಾರದ ಸಡಿಲ ಕಂಪನಿಯಿಂದ ಕಂಪನಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ; ಅದನ್ನು ನಂಬಿ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು.

ಹೆಗಡೆಯವರಿಗೆ ಇದು ಗೊತ್ತಾಗಲಿಲ್ಲ. ಮನೆಯಲ್ಲಿ ಆ ಸಿಮ್‌ಗೆ ಯಾವತ್ತೂ ಸಿಗ್ನಲ್ ಇಲ್ಲ, ಈಗ ಇಲ್ಲದಿದ್ದರೆ ವಿಶೇಷವೇನು? ಪೇಟೆಯಲ್ಲಿರುವವರಿಗೆ ಎರಡು ದಿನದಲ್ಲಿ ಅರಿವಾಗುವುದು ಕಣಿವೆಯವರಿಗೆ ಆರು ವಾರವಾದರೂ ಆಗದು. ಮಾರ್ಚ್ 24ರಂದು ಬೆಳೆಸಾಲ ನವೀಕರಣಕ್ಕೆ ಶಿರಸಿಯ ಬ್ಯಾಂಕಿಗೆ ಹೋದಾಗ ಕೌಂಟರಿನಲ್ಲಿ ಓಟಿಪಿ ಕೇಳಿದರು. ಫೋನಿನಲ್ಲಿ ಸಿಗ್ನಲ್ ಪೂರ್ತಿ ಇತ್ತು, ಓಟಿಪಿ ಬರಲಿಲ್ಲ. ಮೂರು ಸಲ ಕಳಿಸಿದರು, ಬರಲಿಲ್ಲ. ಕೊನೆಗೆ ಹೆಬ್ಬೆಟ್ಟಿನ ಯಂತ್ರದಲ್ಲಿ ಕೆಲಸ ಮುಗಿಯಿತು.

ಸಿಗ್ನಲ್ ಕಡ್ಡಿ ತುಂಬಾ ಇದ್ದೂ ಮೆಸೇಜ್ ಬಾರದಿದ್ದರೆ ಮೊದಲು ನೋಡಬೇಕಾದದ್ದು ಪ್ಯಾಕ್ ಇದೆಯೇ ಎಂದು. ಸೇವೆ ತಡೆದಿದ್ದರೂ ನಂಬರ್ ರದ್ದಾಗದೆ ಇರುವಷ್ಟು ದಿನ ಸಿಮ್ ಟವರಿಗೆ ನೋಂದಾಯಿಸಿಕೊಳ್ಳುತ್ತಲೇ ಇರುತ್ತದೆ, ಕಡ್ಡಿ ತೋರಿಸುತ್ತಲೇ ಇರುತ್ತದೆ. ಬೇರೆ ಫೋನಿನಿಂದ ಆ ನಂಬರಿಗೆ ಕರೆ ಮಾಡಿದರೆ ರಿಂಗ್ ಆಗುವ ಬದಲು ಒಳ ಕರೆ ಸೌಲಭ್ಯವಿಲ್ಲ ಎಂಬ ಧ್ವನಿ ಬರುತ್ತದೆ. ಈ ಹಂತದಲ್ಲಿ ಒಂದು ಪ್ಯಾಕ್ ಹಾಕಿದರೆ ಎಲ್ಲವೂ ಮೊದಲಿನಂತೆ.

ಅವರು ಅಂಗಡಿಗೆ ಹೋದರು. ಹುಡುಗ 199 ಹಾಕಿ ಎಂದ. ಹೆಗಡೆಯವರು ಒಪ್ಪಲಿಲ್ಲ. ಬ್ಯಾಂಕಿನ ಕೆಲಸ ಹೇಗೂ ಮುಗಿದಿತ್ತಲ್ಲ. “ಬ್ಯಾಲೆನ್ಸ್ ಇಪ್ಪತ್ತಕ್ಕಿಂತ ಕಮ್ಮಿ ಇತ್ತು, ಅದ್ಕೇ ಹೀಂಗಾತು” ಎಂದು ಮತ್ತೆ 20ರ ಟಾಪ್-ಅಪ್ ಹಾಕಿಸಿದರು. ಬ್ಯಾಲೆನ್ಸ್ 33.30 ಆಯಿತು.

ಅರ್ಧ ಸರಿ, ಅರ್ಧ ತಪ್ಪು. ಸರಿ ಯಾಕೆಂದರೆ ಈಗ ನಿಜವಾಗಿಯೂ 20ರ ಗೆರೆ ದಾಟಿತ್ತು. ಈ ಟಾಪ್-ಅಪ್ ಹಾಕದೆ ಇದ್ದಿದ್ದರೆ ಮೇಯಲ್ಲೇ ನಂಬರ್ ಹೋಗುತ್ತಿತ್ತು. ತಪ್ಪು ಯಾಕೆಂದರೆ ಓಟಿಪಿ ಬಾರದ್ದಕ್ಕೂ ಬ್ಯಾಲೆನ್ಸಿಗೂ ಸಂಬಂಧವಿರಲಿಲ್ಲ. 33.30 ಅಲ್ಲ, 330 ಇದ್ದರೂ ಪ್ಯಾಕ್ ಇಲ್ಲದೆ ಓಟಿಪಿ ಬರುತ್ತಿರಲಿಲ್ಲ. ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರನ್ನೂ ಬರೆಸಿದರು. ಪ್ಯಾಕ್ ಹಾಕಿಸಿ ಎಂಬ ಉತ್ತರ ಬಂತು, ದೂರು ಮುಗಿಯಿತು.

ಬ್ಯಾಲೆನ್ಸ್ ಎಂಬುದು ಒಂದೇ ಅಲ್ಲ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪ್ಯಾಕ್ ಮುಗಿದ ಮೇಲೆ ಬ್ಯಾಲೆನ್ಸ್ ಏನಾಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣವಿದೆ. ಪ್ಯಾಕಿನ ಜೊತೆ ಬಂದ ಅನಿಯಮಿತ ಕರೆ, ಮೆಸೇಜ್, ಡೇಟಾ ಕೊನೆಯ ದಿನದ ಮಧ್ಯರಾತ್ರಿಗೆ ಹೋಗುತ್ತವೆ. ಉಳಿದದ್ದು ಎಷ್ಟೇ ಇರಲಿ, ಆಮೇಲೆ ಪ್ಯಾಕ್ ಹಾಕಿದರೂ ಮರಳಿ ಬರುವುದಿಲ್ಲ. ಟಾಪ್-ಅಪ್‌ನಿಂದ ಬಂದ ಮುಖ್ಯ ಬ್ಯಾಲೆನ್ಸಿನ ದಾರಿ ಬೇರೆ. ಅದಕ್ಕೆ ಅವಧಿಯಿಲ್ಲ. ಪ್ಯಾಕ್ ಮುಗಿದರೂ ಅದು ಅಲ್ಲೇ ಇರುತ್ತದೆ, ಮುಟ್ಟಲು ಮಾತ್ರ ಆಗುವುದಿಲ್ಲ. ಪ್ಯಾಕ್ ಹಾಕಿದೊಡನೆ ಮತ್ತೆ ಕೈಗೆ ಸಿಗುತ್ತದೆ.

ಮುಖ್ಯ ಬ್ಯಾಲೆನ್ಸ್ ಕರಗುವ ದಾರಿ ಮೂರು. 90 ದಿನದ ನಂತರ ತಿಂಗಳಿಗೆ 20ರಂತೆ ಕಡಿತವಾಗುವುದು ಒಂದು. ನಂಬರ್ ರದ್ದಾದಾಗ ಉಳಿದದ್ದೂ ಹೋಗುವುದು ಇನ್ನೊಂದು. ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿದಾಗ ಹಳೆಯ ಕಂಪನಿಯಲ್ಲೇ ಉಳಿದು ಲಯವಾಗುವುದು ಮೂರನೆಯದು.

ಹೆಗಡೆಯವರ 33.30 ಇದರಲ್ಲಿ ಎರಡು ದಾರಿ ಹಿಡಿಯಿತು. ಕೊನೆಯ ಕರೆ ಫೆಬ್ರವರಿ 6, ಅಲ್ಲಿಂದ 90ನೆಯ ದಿನ ಮೇ 7. ಅಂದು 20 ಕಡಿದು 13.30 ಉಳಿಯಿತು, ನಂಬರ್ ಜೂನ್ 6ರ ತನಕ ಬಂತು. ಕಡಿತದ ಮೆಸೇಜ್ ಕಳಿಸಿದ್ದರೂ ತಲುಪುವಂತಿರಲಿಲ್ಲ. ಒಳ ಮೆಸೇಜೇ ಬಂದ್ ಆಗಿತ್ತಲ್ಲ. ಜೂನ್ 6ರಂದು 13.30ರಲ್ಲಿ 20 ಕಡಿಯಲಿಕ್ಕಾಗದೆ ನಂಬರ್ ರದ್ದಾಯಿತು.

ಜೂನ್ 17ರಿಂದ ನಾಲ್ಕು ದಿನ

ಮಳೆ ಹಿಡಿದಿತ್ತು. ಬೆಂಗಳೂರಿನಿಂದ ಬಂದಿದ್ದ ಮಗಳು ಬ್ಯಾಂಕ್ ಖಾತೆಯ ಯಾವುದೋ ಕೆಲಸಕ್ಕೆ ಓಟಿಪಿ ಬೇಕೆಂದು ಅಪ್ಪನ ಫೋನ್ ಹಿಡಿದು ಶಿರಸಿಗೆ ಬಂದಳು. ಪೇಟೆಯ ನಡುವೆ ನಿಂತರೂ ಹಳೆಯ ಸಿಮ್‌ಗೆ ಒಂದು ಕಡ್ಡಿಯೂ ಇಲ್ಲ. ಸಿಮ್ ಬಿಚ್ಚಿ ತನ್ನ ಫೋನಿಗೆ ಹಾಕಿ ನೋಡಿದಳು. ತೆರೆಯ ಮೇಲೆ ಬಂದದ್ದು ಇದು:

```
SIM not provisioned MM#2
```

ಕಂಪನಿಯ ದಾಖಲೆಯಲ್ಲಿ ಈ ಸಿಮ್ ಇಲ್ಲ ಎಂದು ಇದರ ಅರ್ಥ. ಮಾರ್ಚ್‌ನ ಸ್ಥಿತಿಗೂ ಇದಕ್ಕೂ ಇರುವ ಅಂತರ ಗಮನಿಸಿ. ಆಗ ಕಡ್ಡಿ ಇತ್ತು, ಸೇವೆ ಇರಲಿಲ್ಲ. ಈಗ ಕಡ್ಡಿಯೇ ಇಲ್ಲ. ಯುಪಿಐ ಆ್ಯಪ್‌ನಲ್ಲಿ 199 ಹಾಕಲು ನೋಡಿದಳು, ನಂಬರ್ ಸರಿಯಿಲ್ಲವೆಂದು ಅದು ತಿರಸ್ಕರಿಸಿತು. ರದ್ದಾದ ನಂಬರಿಗೆ ಮನೆಯಲ್ಲಿ ಕೂತು ರೀಚಾರ್ಜ್ ಮಾಡಿ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಸಿಕ್ಕ ಸಲಹೆ: “ಹೋಯ್ತು ಅಕ್ಕಾ ಅದು. ಹೊಸ ಸಿಮ್ ತಗೊಳಿ, ಬ್ಯಾಂಕಲ್ಲಿ ನಂಬರ್ ಚೇಂಜ್ ಮಾಡಿಸಿ.” ಒಳ್ಳೆಯ ಮನಸ್ಸಿನ ಸಲಹೆಯೇ. ಒಪ್ಪಿದ್ದರೆ ಬ್ಯಾಂಕಿನ ಶಾಖೆ, ಆಧಾರ್ ಕೇಂದ್ರ, ಗ್ಯಾಸ್, ಸೊಸೈಟಿ ಎಂದು ಒಂದು ವಾರ ಓಡಾಟವಾಗುತ್ತಿತ್ತು. ಆಧಾರಿನ ಮೊಬೈಲ್ ನಂಬರನ್ನು ಆಗ ಆನ್‌ಲೈನಿನಲ್ಲಿ ಬದಲಿಸುವಂತಿರಲಿಲ್ಲ.

ಮಗಳು ಕೇಳಿದ ಒಂದು ಪ್ರಶ್ನೆ ಪ್ರಕರಣವನ್ನು ತಿರುಗಿಸಿತು. ಕಂಪನಿಯ ಸಹಾಯವಾಣಿಗೆ ಬೇರೆ ನಂಬರಿನಿಂದ ಕರೆ ಮಾಡಿ ‘ನಂಬರ್ ಯಾಕೆ ಬಂದ್ ಆಯಿತು’ ಎಂದು ಅವಳು ಕೇಳಲಿಲ್ಲ. ‘ಯಾವ ತಾರೀಖಿಗೆ ರದ್ದಾಯಿತು’ ಎಂದು ಕೇಳಿದಳು. ಜೂನ್ 6 ಎಂದರು. ಹದಿನೈದು ದಿನವೆಂದರೆ 21. ಆ ದಿನ 17. ನಾಲ್ಕು ದಿನ ಉಳಿದಿತ್ತು. 21 ದಾಟಿದ್ದರೆ ಕೇಳುವ ಹಕ್ಕು ಮುಗಿಯುತ್ತಿತ್ತು. ರದ್ದಾದ ನಂಬರನ್ನು 90 ದಿನವಾದರೂ ಬೇರೆಯವರಿಗೆ ಕೊಡುವುದಿಲ್ಲ ಎಂಬುದು ನಿಜ, ಆದರೆ ಆ 90 ದಿನ ಹಳೆಯ ಗ್ರಾಹಕನಿಗಾಗಿ ಕಾಯುವ ಅವಧಿಯಲ್ಲ. ಅದಾದ ಮೇಲೆ ಬ್ಯಾಂಕಿನ ಮೆಸೇಜುಗಳು ಯಾರದೋ ಕೈಗೆ ಹೋಗುವ ಸಾಧ್ಯತೆಯೂ ಇರುತ್ತದೆ.

“ಅಪ್ಪಯ್ಯ, ನಾಳೆ ನೀನೇ ಬರವು. ನಾ ಒಬ್ಳೇ ಹೋದ್ರೆ ಆಗ್ತಿಲ್ಲೆ” ಎಂದು ಅವಳು ಹೇಳಿದ್ದಕ್ಕೆ ಕಾರಣ, ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಗುರುತು ದೃಢಪಡಿಸಬೇಕು. 18ರ ಬೆಳಗ್ಗೆ ಹೆಗಡೆಯವರು ಆಧಾರ್ ಕಾರ್ಡ್, ಹಳೆಯ ಸಿಮ್ ಹಿಡಿದು ಕಂಪನಿಯ ಸ್ಟೋರಿಗೆ ಹೋದರು. ಅಲ್ಲಿ ಬೆರಳಚ್ಚು ಪಡೆದು ಅದೇ ನಂಬರಿಗೆ ಹೊಸ ಸಿಮ್ ಕೊಟ್ಟರು, 199ರ ಪ್ಯಾಕ್ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ಕರೆ ಬಂತು. 13.30 ಬರಲಿಲ್ಲ, ಬ್ಯಾಲೆನ್ಸ್ ಸೊನ್ನೆ.

ಓಟಿಪಿ ಆ ದಿನವೂ ಬರಲಿಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಮೆಸೇಜ್ ಹೋಗುವುದನ್ನೂ ಬರುವುದನ್ನೂ ತಡೆದಿಡುತ್ತಾರೆ. ಬೇರೆಯವರ ಹೆಸರಿನ ಸಿಮ್ ಬದಲಿಸಿಕೊಂಡು ಓಟಿಪಿ ಕದಿಯುವವರನ್ನು ತಡೆಯಲು 2022ರಲ್ಲಿ ತಂದ ಕ್ರಮ ಇದು. ಗೊತ್ತಿಲ್ಲದವರು ಆ ಒಂದು ದಿನ ಮತ್ತೆ ಸ್ಟೋರಿಗೆ ಹೋಗಿ ಜಗಳ ತೆಗೆಯುತ್ತಾರೆ. 19ರ ಮಧ್ಯಾಹ್ನ ಮೆಸೇಜುಗಳು ಬಂದವು.

ಮೂಲ ಕಾರಣ ಸಿಗ್ನಲ್

ಇಲ್ಲಿಗೆ ಬಿಟ್ಟಿದ್ದರೆ ಜುಲೈ 15ಕ್ಕೆ ಪ್ಯಾಕ್ ಮುಗಿದು ಹಳೇ ಕತೆ ಶುರುವಾಗುತ್ತಿತ್ತು. ಮನೆಯಲ್ಲಿ ಮೂರು ದಾರಿಗಳ ಚರ್ಚೆ ನಡೆಯಿತು.

ಮೊದಲನೆಯದು, 28 ದಿನದ ಪ್ಯಾಕ್ ಬಿಟ್ಟು ಡೇಟಾ ಇಲ್ಲದ ಪ್ಯಾಕ್ ಹಿಡಿಯುವುದು. 2024ರ ಡಿಸೆಂಬರಿನಲ್ಲಿ ಟ್ರಾಯ್ ಕರೆ-ಮೆಸೇಜ್ ಮಾತ್ರದ ಪ್ಯಾಕ್ ಕಡ್ಡಾಯ ಮಾಡಿ, ವಿಶೇಷ ಪ್ಯಾಕ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಕ್ಕೆ ಏರಿಸಿದ ಮೇಲೆ ಇವು ಬಂದವು. 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469, 365 ದಿನಕ್ಕೆ 1,849 ಇಟ್ಟಿತು. ಜಿಯೊ 84 ದಿನಕ್ಕೆ 448, 336 ದಿನಕ್ಕೆ 1,748 ಇಟ್ಟಿತು. ದಿನಕ್ಕೆ ಏಳು ರೂಪಾಯಿ ಇದ್ದದ್ದು ಐದರ ಆಸುಪಾಸಿಗೆ ಇಳಿಯುತ್ತದೆ. ಓಟಿಪಿ ತಪ್ಪದೆ ಬರಬೇಕು, ಡೇಟಾ ಬೇಡ ಎನ್ನುವವರಿಗೆ ಸರಳ ದಾರಿ ಇದೇ.

ಎರಡನೆಯದು, 28 ದಿನದ ಪ್ಯಾಕ್ ಹಾಕಿ, ಕೊನೆಯ ದಿನ ಒಂದು ಕರೆ ಮಾಡಿ, 80 ದಿನ ಸುಮ್ಮನಿದ್ದು ಮತ್ತೆ ಪ್ಯಾಕ್ ಹಾಕುವುದು. ವರ್ಷಕ್ಕೆ ಮೂರು-ನಾಲ್ಕು ಪ್ಯಾಕಿನಲ್ಲಿ ನಂಬರ್ ಉಳಿಯುತ್ತದೆ. ನಡುವಿನ ದಿನಗಳಲ್ಲಿ ಓಟಿಪಿ ಬರುವುದಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿಗೆ ಇದು ಹೇಳಿದ್ದಲ್ಲ. ಖಾತೆಯಿಂದ ದುಡ್ಡು ಹೋದರೂ ಎಚ್ಚರಿಕೆಯ ಮೆಸೇಜ್ ತಲುಪುವುದಿಲ್ಲ.

ಅವರು ಆರಿಸಿದ್ದು ಮೂರನೆಯದು: ಹಳೆಯ ನಂಬರನ್ನೇ ಮನೆಯಲ್ಲಿ ಸಿಗ್ನಲ್ ಬರುವ ಕಂಪನಿಗೆ ಪೋರ್ಟ್ ಮಾಡಿ, ಮೂರು ವರ್ಷದ ಎರಡನೇ ನಂಬರನ್ನು ಬಿಡುವುದು. ಹಾಗಾದರೆ ಒಂದೇ ಪ್ಯಾಕ್, ದಿನವೂ ಬಳಕೆ, 90 ದಿನದ ಎಣಿಕೆಯ ಗೋಜೇ ಇಲ್ಲ. ಹಳೆಯ ಸಿಮ್‌ನಿಂದ 1900ಕ್ಕೆ ಮೆಸೇಜ್ ಕಳಿಸಬೇಕು:

```
PORT <10 ಅಂಕಿಯ ಮೊಬೈಲ್ ನಂಬರ್>
```

19ರಂದು ಕಳಿಸಿದಾಗ, ಪೋರ್ಟ್ ಮಾಡಲು ಹೊಸ ಕಂಪನಿಗೆ ಕೊಡಬೇಕಾದ ಯುಪಿಸಿ ಕೋಡ್ ಸಿಗಲಿಲ್ಲ. ಸಿಮ್ ಬದಲಿಸಿದ 7 ದಿನದೊಳಗೆ ಕೋಡ್ ಕೊಡಬಾರದೆಂದು 2024ರ ಜುಲೈ 1ರಿಂದ ನಿಯಮವಿದೆ. 26ರಂದು ಮತ್ತೆ ಕಳಿಸಿದರು, ಕೋಡ್ ಬಂತು. ಕರ್ನಾಟಕದಲ್ಲಿ ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಹೊಸ ಕಂಪನಿಗೆ ಕೊಡಬೇಕು. ಅದೇ ದಿನ ಕೊಟ್ಟರು. 30ರ ರಾತ್ರಿ ಹಳೆಯ ಸಿಮ್‌ನ ಕಡ್ಡಿ ಹೋಗಿ ಹೊಸ ಸಿಮ್‌ಗೆ ಬಂತು. 199ರ ಪ್ಯಾಕಿನಲ್ಲಿ ಇನ್ನೂ ಹದಿನೈದು ದಿನ ಉಳಿದಿತ್ತು, ಹೋಯಿತು. ಪ್ಯಾಕ್ ಮುಗಿಯುವ ಹೊತ್ತಿಗೆ ಪೋರ್ಟ್ ಮಾಡಿದ್ದರೆ ನೂರು ರೂಪಾಯಿ ಉಳಿಯುತ್ತಿತ್ತೆಂದು ಹೆಗಡೆಯವರು ಗೊಣಗಿದರು. ಅದು ನಿಜ. ಆದರೆ ಪ್ಯಾಕ್ ಪೂರ್ತಿ ಮುಗಿದ ಮೇಲೆ ಪೋರ್ಟಿಗೆ ಕೈ ಹಾಕುವುದು ಇನ್ನೂ ದುಬಾರಿ. ಒಳ ಮೆಸೇಜ್ ನಿಂತ ಸಿಮ್‌ಗೆ ಕೋಡ್ ತಲುಪುವುದು ಹೇಗೆ?

ಎರಡನೇ ನಂಬರ್ ಬಿಡುವ ಮೊದಲು ಅದನ್ನು ಎಲ್ಲಿಗಾದರೂ ಕೊಟ್ಟಿದೆಯೇ ಎಂದು ಮಗಳು ನೋಡಿದಳು. ಒಂದು ವಿಮೆ ಪಾಲಿಸಿಗೆ ಕೊಟ್ಟಿತ್ತು, ಬದಲಿಸಿದಳು. ಪೋರ್ಟ್ ಆದ ನಂಬರಿಗೆ ಡೇಟಾ ಇಲ್ಲದ 84 ದಿನದ ಪ್ಯಾಕ್ ಹಾಕಿದರು. ಜೂನ್ 30 ಮೊದಲ ದಿನವೆಂದರೆ ಸೆಪ್ಟೆಂಬರ್ 21 ಕೊನೆಯದು. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದರೆ ಅಂದು ಮಹಾಲಯ ಅಮಾವಾಸ್ಯೆ, ಮನೆ ತುಂಬ ಕೆಲಸವಿರುವ ದಿನ. ಅದಕ್ಕೇ 18ನೇ ತಾರೀಖಿನ ಚೌಕದಲ್ಲಿ ಕೆಂಪು ಪೆನ್ನಿನಲ್ಲಿ ‘ಸಿಮ್’ ಎಂದು ಬರೆದಿಟ್ಟರು.